ಮನೆಯ ಫೋಟೊದಲ್ಲಿ ಆಕಾಶ ಬದಲಿಸಿದರೆ ಹೇಳಲೇಬೇಕಾ?

"ಮಾರಾಟಕ್ಕಿರುವ ಮನೆಗಳ ಫೋಟೊ ತೆಗೆಯುತ್ತೇನೆ. ಮೋಡ ಕವಿದಿದ್ದರೆ ಬೇರೆ ಆಕಾಶ ಹಾಕುತ್ತೇನೆ. ಅದನ್ನು ಹೇಳಬೇಕಾ? ಕೆಲವೊಮ್ಮೆ ಪತ್ರಿಕೆಗೂ ಫೋಟೊ ಕೊಡ್ತೀನಿ, ಅಲ್ಲಿಗೂ ಇದೇ ನಿಯಮಾನಾ?"

ಹೇಳಬೇಕು, ಅದೂ ಫೋಟೊದ ಮೇಲೆಯೇ. ನಾನೂ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವವನು. ಮನೆ ಕೊಂಡವರಿಗೆ ಆಕಾಶವನ್ನೇನು ರಿಜಿಸ್ಟರ್ ಮಾಡಿಕೊಡ್ತಾರಾ ಅಂತ ಮೊದಲು ನಾನೂ ಸುಮ್ನಿದ್ದೆ.

ಒಮ್ಮೆ 30-40 ಸೈಟಿನ ಮನೆಯೊಂದನ್ನು ಜುಲೈ ಮೋಡದಲ್ಲಿ ತೆಗೆದಿದ್ದೆ. ಫೋಟೊಶಾಪ್‌ನ Sky Replacement ತೆರೆದು, ಮನೆಯ ಹಿಂದೆ ಸೂರ್ಯ ಮುಳುಗುವ ಕೆಂಪು ಆಕಾಶ ಕೂರಿಸಿದೆ. ನೋಡಲು ಬಂದ ದಂಪತಿ ಗೇಟಿನಲ್ಲೇ ನಿಂತರು. "ಇದು ಪೂರ್ವದ ಬಾಗಿಲು ಅಲ್ವಾ?" ಅಲ್ಲ, ಪಶ್ಚಿಮದ್ದು. ಅವರ ಲೆಕ್ಕ ಸರಿಯಾಗಿಯೇ ಇತ್ತು: ಮನೆಯ ಬೆನ್ನಿಗೆ ಸೂರ್ಯ ಮುಳುಗುತ್ತಿದ್ದರೆ ಬಾಗಿಲು ಪೂರ್ವಕ್ಕೇ ಇರಬೇಕು. ನಮ್ಮೂರಲ್ಲಿ ಬೆಲೆಗಿಂತ ಮೊದಲು ದಿಕ್ಕು ಕೇಳುತ್ತಾರೆ. ನಾನು ಹಾಕಿದ ಆಕಾಶ ಮನೆಯ ದಿಕ್ಕನ್ನೇ ತಿರುಗಿಸಿಬಿಟ್ಟಿತ್ತು.

ಈಗ ಸಂಜೆಯ ಆಕಾಶ ಮುಟ್ಟುವುದೇ ಇಲ್ಲ. ಸಾದಾ ನೀಲಿ ಹಾಕಿದರೂ ಚಿತ್ರದ ಕೆಳಮೂಲೆಯಲ್ಲಿ "ಆಕಾಶ ಬದಲಿಸಲಾಗಿದೆ" ಅಂತ ಬರೆಯುತ್ತೇನೆ. ಚಿತ್ರದ ಕೆಳಗೆ ಬೇರೆಯಾಗಿ ಬರೆದರೆ ಸಾಲದು. ಬ್ರೋಕರ್ ವಾಟ್ಸಾಪ್‌ನಲ್ಲಿ ಕಳಿಸುವಾಗ ಆ ಸಾಲು ಉದುರಿಹೋಗಿ ಬರೀ ಚಿತ್ರ ಉಳಿಯುತ್ತದೆ. ಮೂಲ ಚಿತ್ರವನ್ನೂ ಜೊತೆಗೆ ಕೊಡುತ್ತೇನೆ. ಹೇಗಿದ್ದರೂ ಕಣ್ಣಿದ್ದವರಿಗೆ ಗೊತ್ತಾಗುತ್ತದೆ: ಮೇಲೆ ಬಿಸಿಲಿನ ಆಕಾಶ, ನೆಲದಲ್ಲಿ ನೆರಳೇ ಇಲ್ಲ, ಕಿಟಕಿ ಗಾಜಿನಲ್ಲಿ ಬೂದು ಮೋಡ.

ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿಯಿಂದ ಇದು ಕಾನೂನೇ ಆಗಿದೆ. ಮನೆಯ ಜಾಹೀರಾತಿನ ಚಿತ್ರ ಬದಲಿಸಿದ್ದರೆ ಹಾಗಂತ ತಿಳಿಸಬೇಕು, ಮೂಲ ಚಿತ್ರ ನೋಡಲು ದಾರಿಯನ್ನೂ ಕೊಡಬೇಕು. ಬೆಳಕು, ಬಣ್ಣ ಸರಿಮಾಡುವುದು, ಕ್ರಾಪ್, ಓರೆ ತಿದ್ದುವುದು ಇದಕ್ಕೆ ಸೇರಿಲ್ಲ. ನನಗೂ ಗೆರೆ ಅಲ್ಲೇ.

ಕರೆಂಟ್ ಕಂಬ, ಬಾಲ್ಕನಿ ಮುಂದಿನ ವೈರು, ಗೋಡೆಯ ತೇವದ ಕಲೆ, ಪಕ್ಕದ ಖಾಲಿ ಸೈಟಿನ ಕಸ ಇವನ್ನು ಅಳಿಸಲೇಬೇಡಿ, ಅಳಿಸಿದ್ದೇನೆ ಅಂತ ಬರೆದು ಹೇಳಿದರೂ ಅದು ಸರಿಯಲ್ಲ. ಕೊಳ್ಳುವವರು ದಿನಾ ಅವುಗಳ ಜೊತೆಗೇ ಬದುಕಬೇಕು. ಗೇಟಿನ ಮುಂದೆ ನಿಂತ ಸ್ಕೂಟರ್ ಬೇಡವಾದರೆ, ಅಳಿಸುವ ಬದಲು ಪಕ್ಕಕ್ಕೆ ತಳ್ಳಿ ಇನ್ನೊಂದು ಫೋಟೊ ತೆಗೀರಿ. ಬಿಲ್ಡರ್‌ಗಳಿಗಂತೂ ಇನ್ನೂ ಹುಷಾರು ಬೇಕು: ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಸುಳ್ಳು ಜಾಹೀರಾತು ನಂಬಿ ಮುಂಗಡ ಕೊಟ್ಟು ನಷ್ಟವಾದವರು ಪರಿಹಾರ ಕೇಳಬಹುದು.

ಪತ್ರಿಕೆಗೆ ಮಾತ್ರ ಈ ರಿಯಾಯಿತಿ ಯಾವುದೂ ಇಲ್ಲ. ಸುದ್ದಿ ಚಿತ್ರದ ಆಕಾಶ ಬದಲಿಸಿ "ಬದಲಿಸಿದ್ದೇನೆ" ಅಂದರೂ ನಡೆಯುವುದಿಲ್ಲ. 2006ರಲ್ಲಿ ಅಮೆರಿಕದ ಷಾರ್ಲಟ್ ಅಬ್ಸರ್ವರ್ ಪತ್ರಿಕೆ ತನ್ನ ಛಾಯಾಗ್ರಾಹಕ ಪ್ಯಾಟ್ರಿಕ್ ಷ್ನೈಡರ್ ಅವರನ್ನು ಕೆಲಸದಿಂದ ತೆಗೆಯಿತು. ಅವರು ಬೇರೆ ಆಕಾಶವನ್ನೇನೂ ತಂದು ಅಂಟಿಸಿರಲಿಲ್ಲ. ಅಗ್ನಿಶಾಮಕ ಸಿಬ್ಬಂದಿಯ ಚಿತ್ರದಲ್ಲಿ ಕಂದು-ಬೂದು ಆಕಾಶದ ಬಣ್ಣ ತಿದ್ದಿದ್ದರು, ಅದು ಕಡುಗೆಂಪಾಗಿತ್ತು. ಅಷ್ಟೇ.