ನೀವಾಗಿಯೇ ಬಿಟ್ಟ ಕೆಲಸದ ಬಗ್ಗೆಯೇ ಹೆಚ್ಚು ಮಾತಾಡಿ

ಪ್ರಶ್ನೆ: ನಾನು ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುವವಳು. ಮೊದಲನೆಯದು 12 ತಿಂಗಳ ಕಾಂಟ್ರಾಕ್ಟ್. ಎರಡನೆಯ ಕಡೆ 8 ತಿಂಗಳಿಗೆ ನಮ್ಮ ವಿಭಾಗವನ್ನೇ ಮುಚ್ಚಿದರು. ಮೂರನೆಯದನ್ನು 11 ತಿಂಗಳಿಗೆ ನಾನೇ ಬಿಟ್ಟೆ. ರಿಪೋರ್ಟ್ ತಯಾರಿಸುವ ಕೆಲಸ ಎಂದು ಸೇರಿಸಿಕೊಂಡು ಬಿಲ್ ಎಂಟ್ರಿಗೆ ಕೂರಿಸಿದ್ದರು. ಸಂದರ್ಶನದಲ್ಲಿ "ಯಾಕೆ ಎಲ್ಲೂ ನಿಲ್ಲಲಿಲ್ಲ?" ಎಂದರೆ ಏನು ಹೇಳಿದರೂ ನೆಪದಂತೆ ಕೇಳಿಸುತ್ತದೆ. ಏನು ಮಾಡಲಿ?
— ಓದುಗಿ

ಉತ್ತರ: ನಿಮ್ಮ ಮೂರು ಕಾರಣಗಳೂ ನಿಜ. ತೊಂದರೆ ಇರುವುದು ಅವನ್ನು ಸಾಲಾಗಿ ಹೇಳುವುದರಲ್ಲಿ. ಕಾಂಟ್ರಾಕ್ಟ್ ಮುಗಿಯಿತು, ವಿಭಾಗ ಮುಚ್ಚಿತು, ಅವರು ಮಾತು ತಪ್ಪಿದರು ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಎದುರು ಕೂತವರಿಗೆ ಕೇಳಿಸುವುದು ಇಷ್ಟೇ: ಈಕೆಯ ಪ್ರಕಾರ ತಪ್ಪು ಯಾವಾಗಲೂ ಬೇರೆಯವರದು. ಅವರ ಲೆಕ್ಕಾಚಾರ ಬೇರೆ. ಹೊಸಬರಿಗೆ ಕೆಲಸ ಕಲಿಸಲು ತಿಂಗಳುಗಳು ಹಿಡಿಯುತ್ತವೆ. ಕಲಿತ ಮೇಲೆ ಹೊರಟುಹೋದರೆ ಆ ಶ್ರಮವೆಲ್ಲ ನೀರುಪಾಲು. ಇಲ್ಲಿಯೂ ಏನಾದರೂ ಸರಿಹೋಗದಿದ್ದರೆ ನೀವು ಏನು ಮಾಡುತ್ತೀರಿ ಎಂಬುದೇ ಅವರ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಇರುವುದು ನಿಮ್ಮ ಮೂರನೆಯ ಕೆಲಸದಲ್ಲಿ ಮಾತ್ರ.

ಹಾಗಾಗಿ ಮೊದಲ ಎರಡನ್ನು ಒಂದೊಂದು ವಾಕ್ಯದಲ್ಲಿ ಮುಗಿಸಿ. ಇನ್ನೂ ಒಳ್ಳೆಯದೆಂದರೆ ರೆಸ್ಯೂಮೆಯಲ್ಲೇ ಹುದ್ದೆಯ ಪಕ್ಕದಲ್ಲಿ "12 ತಿಂಗಳ ಕಾಂಟ್ರಾಕ್ಟ್, ಪೂರ್ಣಗೊಂಡಿದೆ", "ವಿಭಾಗ ಮುಚ್ಚಲಾಯಿತು" ಎಂದು ಬರೆದುಬಿಡಿ. ಅರ್ಧ ಅನುಮಾನ ನೀವು ಒಳಗೆ ಕಾಲಿಡುವ ಮೊದಲೇ ಕಳೆಯುತ್ತದೆ. ತಿಂಗಳುಗಳನ್ನು ಮರೆಸಿ ಬರೀ ವರ್ಷ ಬರೆಯುವ ಉಪಾಯ ಬೇಡ. ಹಳೆಯ ಕಂಪನಿಯಲ್ಲಿ ವಿಚಾರಿಸಿದಾಗ, ಇಲ್ಲವೇ ಬಿಡುಗಡೆ ಪತ್ರ ನೋಡಿದಾಗ ತಾರೀಖು ಹೊರಬರುತ್ತದೆ. ಆಗ ಅಲ್ಪಾವಧಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗುತ್ತದೆ.

ಇನ್ನು ಮೂರನೆಯದು. "ಮೋಸ ಮಾಡಿದರು" ಎಂಬ ಮಾತು ಬಾಯಿಂದ ಬರಬಾರದು, ಅದು ನಿಜವೇ ಆಗಿದ್ದರೂ. ನೀವು ಏನು ಮಾಡಿದಿರಿ ಎಂಬುದನ್ನು ಹೇಳಿ. ಹೀಗೆ ಹೇಳಬಹುದು:

"ಮೂರನೆಯ ಕೆಲಸ ಬಿಟ್ಟದ್ದು ನನ್ನದೇ ನಿರ್ಧಾರ. ರಿಪೋರ್ಟ್ ಕೆಲಸಕ್ಕೆಂದು ಸೇರಿದ್ದೆ, ಹೆಚ್ಚಿನ ಸಮಯ ಬಿಲ್ ಎಂಟ್ರಿಯಲ್ಲಿ ಹೋಗುತ್ತಿತ್ತು. ಮೂರನೇ ತಿಂಗಳು ಮ್ಯಾನೇಜರ್ ಜೊತೆ ಮಾತಾಡಿದೆ, ಆರನೇ ತಿಂಗಳು ಇಮೇಲ್ ಬರೆದು ಕೇಳಿದೆ. ಆ ಹುದ್ದೆ ಬದಲಾಗುವುದಿಲ್ಲ ಎಂದು ಖಚಿತವಾದ ಮೇಲೆ, ವರ್ಷಾಂತ್ಯದ ಲೆಕ್ಕ ಮುಗಿಸಿಕೊಟ್ಟು, ನೋಟಿಸ್ ಅವಧಿ ಪೂರ್ತಿ ಕೆಲಸ ಮಾಡಿ, ನನ್ನ ಜಾಗಕ್ಕೆ ಬಂದವರಿಗೆ ಎಲ್ಲ ಒಪ್ಪಿಸಿ ಬಂದೆ. ಸೇರುವಾಗಲೇ ದಿನದ ಕೆಲಸ ಏನೆಂದು ನಾನು ವಿವರವಾಗಿ ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳುತ್ತೇನೆ: ಈ ಹುದ್ದೆಯಲ್ಲಿ ವಾರದ ಎಷ್ಟು ಭಾಗ ರಿಪೋರ್ಟ್‌ಗೆ ಹೋಗುತ್ತದೆ?"

ಹೇಳಲು ಒಂದು ನಿಮಿಷವೂ ಬೇಡ. ಇದರಲ್ಲಿ ಭಾರವಾದ ವಾಕ್ಯ ವರ್ಷಾಂತ್ಯದ ಲೆಕ್ಕದ್ದು. ತನಗೆ ಬೇಡವಾದ ಕೆಲಸವನ್ನೂ ಅರ್ಧಕ್ಕೆ ಕೈಬಿಡಲಿಲ್ಲ ಎಂದು ಅದು ತೋರಿಸುತ್ತದೆ. ತನ್ನ ನಿರ್ಧಾರವನ್ನು ತನ್ನದೆಂದು ಒಪ್ಪಿದವಳು ಉಳಿದೆರಡರ ಬಗ್ಗೆ "ಅದು ನನ್ನ ಕೈಯಲ್ಲಿರಲಿಲ್ಲ" ಎಂದರೆ ನಂಬುವುದು ಸುಲಭ. ಕೊನೆಯ ಪ್ರಶ್ನೆ ಅಲಂಕಾರಕ್ಕಲ್ಲ, ಉತ್ತರವನ್ನು ಗಮನವಿಟ್ಟು ಕೇಳಿಸಿಕೊಳ್ಳಿ. "ಎಲ್ಲರೂ ಎಲ್ಲ ಮಾಡುತ್ತಾರೆ" ಎಂದು ತೇಲಿಸಿದರೆ ಹಳೆಯ ಕಥೆಯೇ ಮರುಕಳಿಸಬಹುದು.

ನಾನು ಬರೆದ ವಿವರಗಳಲ್ಲಿ ನಿಮ್ಮಲ್ಲಿ ನಡೆಯದೇ ಇದ್ದದ್ದನ್ನು ಮಾತ್ರ ಸೇರಿಸಬೇಡಿ. ಇಮೇಲ್ ಬರೆದೇ ಇಲ್ಲದಿದ್ದರೆ "ಆಗ ಬಾಯಿ ಬಿಟ್ಟು ಕೇಳಲಿಲ್ಲ, ಇನ್ನು ಮುಂದೆ ಕೇಳುತ್ತೇನೆ" ಎನ್ನಿ. "ಅವರನ್ನೇ ವಿಚಾರಿಸಬಹುದೇ?" ಎಂಬ ಮಾತು ಬಂದೇ ಬರುತ್ತದೆ, ಮೂರು ಕಡೆಗಳಲ್ಲಿ ಒಂದರ ಮೇಲಧಿಕಾರಿಯಾದರೂ ನಿಮ್ಮ ಪರವಾಗಿ ಎರಡು ಮಾತಾಡಲು ಒಪ್ಪಿರಲಿ.

"ನಮ್ಮಲ್ಲಿ ಎಷ್ಟು ವರ್ಷ ಇರುತ್ತೀರಿ?" ಎಂದರೆ ಹತ್ತು ವರ್ಷ ಎಂದು ಬೊಗಳೆ ಬಿಡಬೇಡಿ, ನಿಮ್ಮ ರೆಸ್ಯೂಮೆ ಅವರ ಕೈಯಲ್ಲೇ ಇದೆ. ಕಾಲಕ್ಕಿಂತ ಕೆಲಸದ ಲೆಕ್ಕದಲ್ಲಿ ಹೇಳಿ: "ಕನಿಷ್ಠ ಎರಡು ವರ್ಷಾಂತ್ಯಗಳನ್ನು ಇಲ್ಲೇ ಮುಗಿಸುವ ಉದ್ದೇಶ ನನ್ನದು. ಮೊದಲನೆಯದರಲ್ಲಿ ಕಲಿಯುತ್ತೇನೆ, ಎರಡನೆಯದನ್ನು ಸ್ವತಂತ್ರವಾಗಿ ಮಾಡುತ್ತೇನೆ." ಆ ಉದ್ದೇಶ ನಿಜವಾಗಿಯೂ ಇದ್ದರೆ ಮಾತ್ರ.

ನಿಮ್ಮ ಮಾತು ನಾಟಿತೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಅದೇ ಪ್ರಶ್ನೆ ಬೇರೆ ಮಾತಿನಲ್ಲಿ ಮರಳಿ ಬಂದರೆ ಅವರಿಗೆ ಸಮಾಧಾನವಾಗಿಲ್ಲ. ಆಗ ಮೂರೂ ಕಥೆಗಳನ್ನು ಮತ್ತೆ ಹೇಳಲು ಹೋಗದೆ, "ನಿಮಗೆ ಯಾವುದರ ಬಗ್ಗೆ ಅನುಮಾನ ಉಳಿದಿದೆ?" ಎಂದು ನೇರವಾಗಿ ಕೇಳಿ, ಅದಕ್ಕಷ್ಟೇ ಉತ್ತರಿಸಿ. ಮಾತು ಕೆಲಸದ ವಿವರಗಳತ್ತ ಹೊರಳಿದರೆ ನೀವೂ ಆ ಕಡೆಗೇ ಹೊರಳಿ; ಹಳೆಯದನ್ನು ಮತ್ತೆ ಕೆದಕಬೇಡಿ. ಒಂದೇ ಕಡೆ ಎರಡು ವರ್ಷ ದುಡಿಯದವರನ್ನು ಕರೆಯುವುದೇ ಇಲ್ಲ ಎಂಬ ಕಟ್ಟುನಿಟ್ಟು ಕೆಲವು ಕಡೆ ಇರುತ್ತದೆ. ಅಲ್ಲಿ ಎಂಥ ಉತ್ತರವೂ ನಡೆಯುವುದಿಲ್ಲ. ಆದರೆ ನಿಮ್ಮ ರೆಸ್ಯೂಮೆ ನೋಡಿಯೂ ಕರೆದಿದ್ದಾರೆಂದರೆ ಅವರದು ಆ ಜಾತಿಯ ಕಂಪನಿಯಲ್ಲ.