ಬಸ್ ಹೊರಡುವ ಮುಂಚೆ ಹೇಳಬೇಕಿತ್ತು

ಮಹೇಶ್ (ಹೆಸರು, ಕೆಲವು ವಿವರ ಬದಲಿಸಿದ್ದೇನೆ) ಪೀಣ್ಯದಲ್ಲಿ ಕಂಪ್ಯೂಟರ್ ಹಿಡಿತದ ಮಷಿನ್‌ನಲ್ಲಿ ಲೋಹದ ಪೀಸ್ ಕೊರೆಯುವ ಸಣ್ಣ ಸಿಎನ್‌ಸಿ ವರ್ಕ್‌ಶಾಪ್ ನಡೆಸುತ್ತಾರೆ. ನನ್ನ ಬಳಿ ಬಂದಿದ್ದು ನಿದ್ದೆ ಬರುತ್ತಿಲ್ಲ ಎಂದು. ಮಾತಾಡುತ್ತಾ ಹೋದಂತೆ ಒಂದು ಮೀಟಿಂಗ್ ಕಥೆ ಹೊರಬಂತು.

ಬೆಳಗಾವಿಯ ಫೌಂಡ್ರಿಯೊಂದರ ಪರ್ಚೇಸ್ ಮ್ಯಾನೇಜರ್ ಆರ್ಡರ್ ಕೊಡುವ ಮುಂಚೆ ಮಷಿನ್ ಓಡುವುದನ್ನು ನೋಡಲು ಬೆಳಿಗ್ಗೆ ಹನ್ನೊಂದಕ್ಕೆ ಬರುವುದಿತ್ತು. ಹಿಂದಿನ ಸಂಜೆ ಆರಕ್ಕೆ ಮಷಿನ್‌ನ ಸ್ಪಿಂಡಲ್ ಕೆಟ್ಟಿತು. 'ರಾತ್ರಿ ರಿಪೇರಿ ಆದ್ರೆ ಹೇಳೋದೇ ಬೇಡ ಅಲ್ವಾ' ಎಂದು ಮಹೇಶ್ ಕಾದರು. ಬೆಳಿಗ್ಗೆ ಏಳಕ್ಕೆ ವಾಟ್ಸಾಪ್ ಮಾಡಿದರು: 'ಸರ್, ಜೋರು ಜ್ವರ, ಮುಂದಿನ ವಾರ ಸಿಗೋಣ.' ಅಷ್ಟರಲ್ಲಿ ಆ ಮನುಷ್ಯ ರಾತ್ರಿಯಿಡೀ ಬಸ್ಸಲ್ಲಿ ಕೂತು ಬೆಂಗಳೂರಿಗೆ ಬಂದಾಗಿತ್ತು. ಸ್ಯಾಂಪಲ್ ಕಾಸ್ಟಿಂಗ್‌ಗಳನ್ನಾದರೂ ಕೊಟ್ಟು ಹೋಗೋಣವೆಂದು ವರ್ಕ್‌ಶಾಪ್‌ಗೆ ಬಂದರೆ, 'ಜ್ವರದ' ಮಹೇಶ್ ಮೊಣಕೈವರೆಗೂ ಗ್ರೀಸ್ ಬಳಿದುಕೊಂಡು ಮಷಿನ್ ಪಕ್ಕ ನಿಂತಿದ್ದರು. ಆತ ಏನೂ ಅನ್ನಲಿಲ್ಲ. ಚೀಲ ಕೆಳಗಿಟ್ಟು ಹೋದರು.

'ಮಷಿನ್ ಕೆಟ್ಟಿದೆ ಅಂದ್ರೆ ಆರ್ಡರ್ ಹೋಗುತ್ತೆ ಅಂತ ಹೆದರಿದೆ' ಎಂದರು ಮಹೇಶ್. ಮಷಿನ್ ಕೆಡುವುದು ಫೌಂಡ್ರಿಯವರಿಗೆ ಗೊತ್ತಿಲ್ಲದ್ದೇನಲ್ಲ. ಕೆಡಿಸಿದ್ದು ಆ ಜ್ವರ.

ಅವರ ಲೆಕ್ಕದಲ್ಲಿ ಗಡುವು ಹನ್ನೊಂದು ಗಂಟೆ. ನಿಜವಾದ ಗಡುವು ಹಿಂದಿನ ರಾತ್ರಿ ಬಸ್ ಹೊರಡುವ ಹೊತ್ತು. ಆಮೇಲೆ ಹೇಳಿದರೆ ಎದುರಿನವರ ನಿದ್ದೆ, ದುಡ್ಡು, ಒಂದು ದಿನ ಎಲ್ಲಾ ಹೋಗಿರುತ್ತದೆ. ರಿಪೇರಿ ಆಗುತ್ತೋ ಇಲ್ಲವೋ ಗೊತ್ತಿಲ್ಲದಿದ್ದರೆ ಆ ಅನುಮಾನವನ್ನೇ ಹೇಳಬಹುದಿತ್ತು. ಅದೂ ಫೋನ್ ಮಾಡಿ. 'ಸರ್, ಸ್ಪಿಂಡಲ್ ಕೆಟ್ಟಿದೆ. ನಾಳೆ ಪೀಸ್ ಓಡಿಸಿ ತೋರಿಸೋಕೆ ಆಗದೇ ಇರಬಹುದು. ಇವತ್ತು ಬಸ್ ಹತ್ತಬೇಡಿ, ಟಿಕೆಟ್ ಕ್ಯಾನ್ಸಲ್ ಆದ ಖರ್ಚು ನಾನು ಕೊಡ್ತೀನಿ.' ಇಷ್ಟು ಸಾಕಿತ್ತು.

ಆಗಿದ್ದು ಆಯಿತು. ಈಗೇನು? ಮೊದಲ ಫೋನ್‌ನಲ್ಲಿ ಹೊಸ ತಾರೀಖು ಕೇಳಬೇಡಿ ಎಂದೆ. 'ಜ್ವರ ಇರಲಿಲ್ಲ, ಸುಳ್ಳು ಹೇಳಿದೆ, ತಪ್ಪಾಯ್ತು' ಅಂತಷ್ಟೇ ಹೇಳಿ ಇಡಬೇಕು. ತಾರೀಖು ಸೇರಿಸಿದರೆ ಕ್ಷಮೆಯೂ ಆರ್ಡರ್‌ಗಾಗಿ ಅನ್ನಿಸಿಬಿಡುತ್ತದೆ. ಮುಂದಿನ ಭೇಟಿಗೆ ಅವರನ್ನು ಕರೆಸದೆ ತಾನೇ ಬೆಳಗಾವಿಗೆ ಹೋಗಬೇಕು, ದಿನ ಅವರದ್ದೇ ಆಯ್ಕೆ.

ಮಹೇಶ್‌ಗೆ ಆತುರ. ಸೋಮವಾರವೇ ಹೋಗುತ್ತೇನೆಂದರು. ಸ್ಪಿಂಡಲ್ ಬಂದಿದೆಯಾ ಎಂದು ಕೇಳಿದೆ. ಇಲ್ಲವಂತೆ! ಎರಡನೇ ಸಲ ಮುಂದೂಡಿದರೆ ನಿಜವಾದ ಕಾರಣವನ್ನೂ ಯಾರೂ ನಂಬುವುದಿಲ್ಲ. ಮಷಿನ್ ಓಡಿ, ಅವರದ್ದೇ ಸ್ಯಾಂಪಲ್ ಪೀಸ್ ಕೈಯಲ್ಲಿ ಸಿದ್ಧವಾದ ಮೇಲೆ ದಿನ ಕೇಳಿ ಎಂದೆ.

ಹನ್ನೆರಡು ದಿನ ಬಿಟ್ಟು ಹೋಗಿಬಂದರು. ದೊಡ್ಡ ಆರ್ಡರ್ ಬೇರೆಯವರ ಪಾಲಾಗಿತ್ತು. ಇವರಿಗೆ ಇಪ್ಪತ್ತು ಪೀಸ್‌ನ ಟ್ರಯಲ್ ಸಿಕ್ಕಿತು.