ಛಾಪಾ ಕಾಗದದಲ್ಲಿ ಬರೆದುಕೊಟ್ಟ ದೇಣಿಗೆ ಕೊಡದಿದ್ದರೆ ಕೇಸು ಹಾಕಬಹುದಾ?

ಪ್ರಶ್ನೆ: ನಮ್ಮೂರ ಸಮುದಾಯ ಭವನಕ್ಕೆ 5 ಲಕ್ಷ ರೂಪಾಯಿ ಕೊಡ್ತೀನಿ ಅಂತ ಊರಿನವರೊಬ್ಬರು ಛಾಪಾ ಕಾಗದದಲ್ಲಿ ಬರೆದು ಸಹಿ ಹಾಕಿದ್ದರು. 1 ಲಕ್ಷ ಕೊಟ್ಟರು. ಈಗ ಉಳಿದದ್ದು ಕೊಡಲ್ಲ, ಕೊಟ್ಟಿದ್ದನ್ನೂ ವಾಪಸ್ ಕೊಡಿ ಅಂತಿದ್ದಾರೆ. ಏನು ಮಾಡೋದು?
– ಭವನ ಸಮಿತಿಯ ಕಾರ್ಯದರ್ಶಿ

ಉತ್ತರ: ಮೊದಲು ಸುಲಭದ್ದು ಹೇಳಿಬಿಡುತ್ತೇನೆ. ಆ 1 ಲಕ್ಷವನ್ನು ನೀವು ವಾಪಸ್ ಕೊಡಬೇಕಿಲ್ಲ. ಮನಸಾರೆ ಕೊಟ್ಟು ಕೈಬಿಟ್ಟ ದಾನ ಅಲ್ಲಿಗೆ ಮುಗಿಯಿತು. ಕಷ್ಟ ಇರುವುದು ಉಳಿದ 4 ಲಕ್ಷದಲ್ಲಿ.

ಛಾಪಾ ಕಾಗದದ ಮೇಲೆ ಬರೆಸಿಕೊಂಡರೆ ಎಲ್ಲ ಗಟ್ಟಿ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ನನ್ನ ಕಚೇರಿಗೆ ಬರುವವರೂ ಅದನ್ನೇ ಪ್ಲಾಸ್ಟಿಕ್ ಕವರಿನಿಂದ ಜೋಪಾನವಾಗಿ ತೆಗೆದು ಮೇಜಿನ ಮೇಲೆ ಇಡುತ್ತಾರೆ. ಛಾಪಾ ಶುಲ್ಕ ಸರ್ಕಾರಕ್ಕೆ ಕಟ್ಟುವ ತೆರಿಗೆ, ಅಷ್ಟೇ. ನೋಟರಿ ಮುದ್ರೆ ಬಿದ್ದರೂ ಬರೀ ಮಾತು ಕರಾರಾಗುವುದಿಲ್ಲ. ಕರಾರಾಗಲು ಪ್ರತಿಫಲ ಬೇಕು. ಮಾತು ಕೊಟ್ಟವರು ಬಯಸಿದ್ದಕ್ಕೆ ಎದುರಿನವರು ಏನಾದರೂ ಮಾಡಬೇಕು, ಬಿಡಬೇಕು, ಇಲ್ಲವೇ ಮಾಡುತ್ತೇವೆ ಅಂತ ಒಪ್ಪಿಕೊಳ್ಳಬೇಕು. 1872ರ ಕರಾರು ಕಾಯ್ದೆಯ 25ನೇ ಕಲಮಿನಲ್ಲಿ ಇದಕ್ಕೆ ನೇರ ಉದಾಹರಣೆಯೇ ಇದೆ: ಏನೂ ಪ್ರತಿಫಲವಿಲ್ಲದೆ ಒಬ್ಬ ಇನ್ನೊಬ್ಬನಿಗೆ 1,000 ರೂಪಾಯಿ ಕೊಡುತ್ತೇನೆ ಅಂದರೆ ಆ ಒಪ್ಪಂದ ಅನೂರ್ಜಿತ. ತೀರಾ ಹತ್ತಿರದ ಸಂಬಂಧಿಗೆ ಪ್ರೀತಿಯಿಂದ ಬರೆದು, ನೋಂದಣಿ ಮಾಡಿಸಿಕೊಟ್ಟರೆ ವಿನಾಯಿತಿ ಇದೆ. ಇನ್ನೂ ಒಂದೆರಡು ವಿನಾಯಿತಿಗಳಿವೆ. ಆದರೆ ಊರಿನ ಸಮಿತಿಗೆ ಅವು ಯಾವುವೂ ಬರುವುದಿಲ್ಲ.

ಹಾಗಂತ ಕೈಚೆಲ್ಲಬೇಡಿ. ನಿಮ್ಮಂಥದ್ದೇ ಎರಡು ಹಳೆಯ ಕೇಸುಗಳಿವೆ, ತೀರ್ಪು ಮಾತ್ರ ಎದುರುಬದುರು.

ಹೌರಾದಲ್ಲಿ ಪುರಭವನ ಕಟ್ಟಲು ಚಂದಾ ಎತ್ತಿದ್ದರು. ಒಬ್ಬರು ಚಂದಾ ಪುಸ್ತಕದಲ್ಲಿ 100 ರೂಪಾಯಿಗೆ ಸಹಿ ಹಾಕಿದರು. ಪಟ್ಟಿ ಬೆಳೆದ ಹಾಗೆ ಕಟ್ಟಡದ ನಕ್ಷೆಯೂ ಬೆಳೆಯಿತು. 26,000 ರೂಪಾಯಿಯ ಅಂದಾಜು 40,000ಕ್ಕೆ ಹೋಯಿತು. ಈ ಚಂದಾ ನಂಬಿಯೇ ಅಲ್ಲಿನ ಪುರಸಭೆಯ ಕಮಿಷನರುಗಳು ಕಂಟ್ರಾಕ್ಟರಿಗೆ ಕೆಲಸ ಒಪ್ಪಿಸಿದರು. ಹಣ ಕೊಡುವ ಹೊಣೆ ಅವರ ತಲೆ ಮೇಲೆ ಬಂತು. ಸಹಿ ಹಾಕಿದವರು ಆಮೇಲೆ ಕೊಡಲಿಲ್ಲ. 1886ರಲ್ಲಿ ಕಲ್ಕತ್ತಾ ಹೈಕೋರ್ಟು ಕೊಡಲೇಬೇಕು ಅಂದಿತು. ದುಡ್ಡು ಯಾತಕ್ಕೆ, ಅದನ್ನು ನಂಬಿ ಕೆಲಸ ಶುರುವಾಗುತ್ತದೆ ಅನ್ನುವುದೆಲ್ಲ ಅವರಿಗೆ ಗೊತ್ತಿತ್ತು. ಹಾಗಾಗಿ ಆ ಸಹಿಯಲ್ಲೇ ‘ನೀವು ಕೆಲಸ ಮಾಡಿಸಿ, ನನ್ನ ಪಾಲು ಕೊಡುತ್ತೇನೆ’ ಅನ್ನುವ ಕೋರಿಕೆ ಇತ್ತು. ಕಮಿಷನರುಗಳು ಹೊತ್ತ ಹೊಣೆಯೇ ಪ್ರತಿಫಲವಾಯಿತು.

ಇನ್ನೊಂದು 1914ರ ಅಲಹಾಬಾದ್ ತೀರ್ಪು. ಮಸೀದಿಯ ದುರಸ್ತಿಗೆ ಒಬ್ಬರು 500 ರೂಪಾಯಿ ಕೊಡುತ್ತೇನೆ ಅಂದಿದ್ದರು. ಅದನ್ನು ನಂಬಿ ಯಾರೂ ಕೆಲಸ ಮಾಡಿಸಿರಲಿಲ್ಲ. ಆ ಮಾತನ್ನು ಜಾರಿ ಮಾಡಿಸಲು ಆಗಲಿಲ್ಲ.

ಈಗ ನಿಮ್ಮ ಭವನಕ್ಕೆ ಬನ್ನಿ. ಎರಡು ತಾರೀಕು ಪಕ್ಕಪಕ್ಕ ಇಟ್ಟು ನೋಡಿ: ಅವರು ಬರೆದುಕೊಟ್ಟ ದಿನ, ನೀವು ಕಂಟ್ರಾಕ್ಟರ್ ಜೊತೆ ಕರಾರು ಮಾಡಿಕೊಂಡ ದಿನ. ಅವರು ಯುಗಾದಿಗೆ ಬರೆದುಕೊಟ್ಟು, ಅದನ್ನು ನಂಬಿ ನೀವು ಜೂನಿನಲ್ಲಿ ಪಾಯ ತೆಗೆಸಿ ಕಂಟ್ರಾಕ್ಟರಿಗೆ ಕಾಗದ ಮಾಡಿಕೊಟ್ಟಿದ್ದರೆ ಹೌರಾ ತೀರ್ಪು ನಿಮ್ಮ ಬೆನ್ನಿಗಿದೆ. ಅವರಿಗೆ ಇದೆಲ್ಲ ತಿಳಿದಿತ್ತು ಅನ್ನುವುದಕ್ಕೆ ಸಾಕ್ಷಿಯೂ ಬೇಕು. ಸಭೆಯ ನಡಾವಳಿ ಪುಸ್ತಕದಲ್ಲಿ ಅವರ ಸಹಿ ಇದೆಯಾ? ‘5 ಲಕ್ಷ ನನ್ನದು, ಮೇಲಿನ ಹಾಲ್ ಸೇರಿಸಿಕೊಳ್ಳಿ’ ಅಂತ ವಾಟ್ಸಾಪ್ ಮಾಡಿದ್ದಾರಾ? ಇಂಥದ್ದು ಒಂದು ಸಿಕ್ಕರೂ ಛಾಪಾ ಕಾಗದಕ್ಕಿಂತ ಜಾಸ್ತಿ ತೂಕ.

ಭವನ ಅವರು ಬರೆದುಕೊಡುವ ಮೊದಲೇ ಎದ್ದು ನಿಂತಿತ್ತು, ಸಾಲ ತೀರಿಸಲು ಮಾತ್ರ ದುಡ್ಡು ಕೇಳಿದ್ದಿರಿ ಅಂದರೆ ಕೇಸು ಬಡವಾಗುತ್ತದೆ. ಅವರ ಮಾತಿನಿಂದ ನೀವು ಹೊಸದಾಗಿ ಏನೂ ಮಾಡಿಲ್ಲ, ಅಲ್ವಾ?

ಇನ್ನೊಂದು ಕೇಳಬೇಕು. ಬಾಗಿಲ ಮೇಲೆ ಅವರ ತಂದೆಯ ಹೆಸರಿನ ಕಲ್ಲು ಹಾಕಿಸುತ್ತೇವೆ ಅಂತ ಏನಾದರೂ ಒಪ್ಪಿಕೊಂಡಿದ್ದಿರಾ? 5 ಲಕ್ಷಕ್ಕೆ ಬದಲಾಗಿ ಆ ಕಲ್ಲು ಅಂತ ಮಾತಾಗಿದ್ದರೆ, ನೀವು ಕೊಟ್ಟ ಆ ಮಾತೇ ಪ್ರತಿಫಲ. ಒಂದು ಕಲ್ಲಿಗೆ 5 ಲಕ್ಷವಾ ಅಂತ ಕೋರ್ಟು ತೂಗಿ ನೋಡುವುದಿಲ್ಲ. 1,000 ರೂಪಾಯಿಯ ಕುದುರೆಯನ್ನು ಮನಃಪೂರ್ವಕವಾಗಿ ಒಪ್ಪಿ 10 ರೂಪಾಯಿಗೆ ಮಾರಿದರೂ ಅದು ಕರಾರೇ ಅಂತ ಅದೇ 25ನೇ ಕಲಮು ಹೇಳುತ್ತದೆ. ಆದರೆ ಅವರು ಸುಮ್ನೆ ಕೊಡುತ್ತೇನೆ ಅಂದ ಮೇಲೆ ನೀವೇ ಗೌರವಕ್ಕೆ ಹೆಸರು ಹಾಕಿಸಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಕಾಗದಗಳು ಕೈಗೆ ಬಂದ ಮೇಲೆ ವಕೀಲರಿಂದ ನೋಟಿಸ್ ಕಳಿಸಿ. ಕಂಟ್ರಾಕ್ಟರ್ ಕರಾರಿನ ತಾರೀಕು, ಕೊಟ್ಟ ಬಿಲ್ಲುಗಳು ಅದರಲ್ಲಿ ಇರಲಿ. ದಾವೆಯನ್ನು ಕಂಟ್ರಾಕ್ಟರಿಗೆ ಸಹಿ ಹಾಕಿ ಹೊಣೆ ಹೊತ್ತವರೇ ಹೂಡಬೇಕು. ದೇಣಿಗೆ ಬರೆದುಕೊಟ್ಟವರು ಮಾತು ಮುರಿದ ದಿನದಿಂದ 3 ವರ್ಷ ದಾಟಿದರೆ ಆ ಬಾಗಿಲೂ ಮುಚ್ಚುತ್ತದೆ. ಕೊಡಬೇಕಾದ ದಿನ ಯಾವುದು ಅಂತ ಆ ಬರಹದಲ್ಲಿ ಇವತ್ತೇ ನೋಡಿ.